ಎಐ ಚಿತ್ರ ಚಂದ ಉಂಟು, ಮೆಟ್ಲು ಎಣಿಸಿದ್ರಾ?

*ಸರ್, ಎಐಗೆ ಪ್ರಾಂಪ್ಟ್ ಕೊಟ್ರೆ ನಿಮಿಷದಲ್ಲಿ ಎಲಿವೇಶನ್ ಬರ್ತದೆ. ನಾನು ಸ್ಕೆಚ್‌ಅಪ್, ವಿ-ರೇ ಹಿಡ್ಕೊಂಡು ಎರಡು ದಿನ ಕೂರ್ತೇನೆ. ಕ್ಲೈಂಟಿಗೆ ಎಐ ಚಿತ್ರವೇ ಕೊಟ್ರೆ ಆಗುದಿಲ್ವಾ? (ಉಡುಪಿ)*

ಮೊದಲನೇ ಮೀಟಿಂಗಿಗೆ ಆಗ್ತದೆ ಮಾರಾಯ್ರೆ, ಎರಡನೇದಕ್ಕೆ ಆಗುದಿಲ್ಲ. ಮಣಿಪಾಲದ ಹತ್ರ ಒಂದು ಹಂಚಿನ ಮಾಡಿನ ಮನೆಗೆ ನಾನೇ ಅರ್ಜೆಂಟ್ ಮಾಡಿ ಎಐ ಚಿತ್ರ ತೋರಿಸಿದ್ದೆ, ಅವರಿಗೆ ಭಾರೀ ಖುಷಿ. ಆಮೇಲೆ ಪ್ಲಾನ್ ಎದುರು ಇಟ್ಟು ನೋಡಿದ್ರೆ ಸಿಟ್‌ಔಟಿಗೆ ಏಳು ಮೆಟ್ಲು! ನಮ್ಮ ಪ್ಲಿಂತ್ ಎರಡೇ ಅಡಿ, ಆರಿಂಚಿನ ಮೆಟ್ಲಾದ್ರೆ ನಾಲ್ಕು ಸಾಕು. ಹೆಚ್ಚಾದ ಮೂರಕ್ಕೆ ಒಂದೊಂದು ಅಡಿ ಹಿಡಿದ್ರೂ ಅಂಗಳದಲ್ಲಿ ಮೂರು ಅಡಿ ಹೋಯ್ತು, ಕಾರು ನಿಲ್ಲಿಸುವ ಜಾಗ ಅದು. ಮತ್ತೆ ಯಜಮಾನ್ರು ಕಿಟಕಿ ಒಂದು ಅಡಿ ಎಡಕ್ಕೆ ಹೋಗ್ಲಿ ಅಂದ್ರು. ಪ್ರಾಂಪ್ಟ್ ಬದಲಿಸಿದೆ, ಕಿಟಕಿ ಬಿಟ್ಟು ಬಾಕಿ ಎಲ್ಲ ಬದಲಾಯ್ತು, ಮಾಡಿನ ಇಳಿಜಾರು, ಕಂಬ, ತೆಂಗಿನಮರ ಕೂಡ. ಅದರೊಳಗೆ ಮನೆ ಎಂಬುದೇ ಇಲ್ಲ, ಇರುದು ಬರೇ ಪಿಕ್ಸೆಲ್, ಹಾಗಾಗಿ ಸೈಡಿಂದ ತೋರಿಸು ಅಂದ್ರೆ ಬೇರೆಯೇ ಮನೆ ಬಂದ್ರೂ ಬಂತು. ಸ್ಕೆಚ್‌ಅಪ್ ಮಾಡೆಲಲ್ಲಾದ್ರೆ ಕಿಟಕಿ ಹನ್ನೆರಡು ಇಂಚು ಸರಿಸಿ ಪುನಃ ರೆಂಡರ್ ಕೊಟ್ರೆ ಮುಗೀತು, ಉಳಿದದ್ದು ಇದ್ದಲ್ಲೇ ಇರ್ತದೆ. ಒಂದು ನಿಮಿಷದ ಲೆಕ್ಕ ಹೇಳುವವರು ಈ ಮೂರನೇ, ನಾಲ್ಕನೇ ತಿದ್ದುಪಡಿಯ ಲೆಕ್ಕ ಹಿಡಿಯುದೇ ಇಲ್ಲ.

ಈಗ ನಾನು ಮಾಡುದು ಎರಡನ್ನೂ ಸೇರಿಸಿ. ಮಾಡೆಲ್ ಅಳತೆಗೆ ಸರಿಯಾಗಿ ಮಾಡ್ತೇನೆ, ಮೆಟೀರಿಯಲ್, ಗಿಡಮರಕ್ಕೆ ತಲೆ ಕೆಡಿಸ್ಕೊಳ್ಳದೆ ಸಾದಾ ರೆಂಡರ್ ತೆಗೀತೇನೆ. ಅದನ್ನು ಸ್ಟೇಬಲ್ ಡಿಫ್ಯೂಶನ್ ಎಂಬ ಚಿತ್ರದ ಎಐಗೆ ಕೊಟ್ಟು, ಗೆರೆಗಳನ್ನು ಕಂಟ್ರೋಲ್‌ನೆಟ್‌ನಲ್ಲಿ ಕಟ್ಟಿ ಹಾಕಿ, ಚಿತ್ರ ಎಷ್ಟು ಬದಲಾಗಬಹುದು ಅಂತ ಹೇಳುವ `Denoising strength` 0.3ರ ಹತ್ರ ಇಡ್ತೇನೆ. 0.7 ಮಾಡಿದ್ರೆ ಹೊಸ ಕಂಬ ಹುಟ್ಟುವುದಕ್ಕೂ ಸೈ. ಬಂದ ಚಿತ್ರವನ್ನು ರೆಂಡರ್ ಮೇಲೆ ಇಟ್ಟು ಲೇಯರ್ ಆನ್ ಆಫ್ ಮಾಡಿ, ಗೋಡೆಯ ಮೂಲೆ ಹಾರಿದ ಹಾಗೆ ಕಂಡ್ರೆ ಆ ಚಿತ್ರ ಬಿಸಾಡಿ. ಕಿಟಕಿ ಸರಳು, ದೂರದ ಹಂಚಿನ ಸಾಲು ಕರಗಿದ ಹಾಗೆ ಆಗಿರ್ತದೆ, ಯಾಕಂದ್ರೆ ಸ್ಟೇಬಲ್ ಡಿಫ್ಯೂಶನ್ ಚಿತ್ರವನ್ನು ಉದ್ದ ಅಗಲ ಎರಡರಲ್ಲೂ ಎಂಟನೇ ಒಂದು ಪಾಲಿಗೆ ಕುಗ್ಗಿಸಿ ಕೆಲಸ ಮಾಡುದು. ಅಷ್ಟು ಭಾಗಕ್ಕೆ ಮೂಲ ರೆಂಡರನ್ನೇ ಮಾಸ್ಕ್ ಮಾಡಿ ವಾಪಸ್ ತನ್ನಿ.

*ಪ್ರಾಂಪ್ಟಲ್ಲೇ 1200 ಚದರ ಅಡಿ ಅಂತ ಬರೆದ್ರೆ ಅಳತೆ ಸರಿ ಬರ್ತದಾ? (ಸುರತ್ಕಲ್)*

ಇಲ್ಲ. ಬರ್ತದೆ ಅಂತ ಎರಡು ದಿನದ ಕೋರ್ಸಲ್ಲಿ ಹೇಳಿದವರ ಹತ್ರ ಫೀಸ್ ವಾಪಸ್ ಕೇಳಿ.

*ಎಐ ಚಿತ್ರ ನೋಡಿ ಎಸ್ಟಿಮೇಟ್ ಹಾಕಬಹುದಾ? (ಕುಂದಾಪುರ)*

ಹಾಕಿ, ವ್ಯತ್ಯಾಸ ಬಂದದ್ದನ್ನು ನಿಮ್ಮ ಕಿಸೆಯಿಂದ ಕೊಡ್ಲಿಕ್ಕೆ ತಯಾರಿದ್ರೆ.