ಪೆಂಡಿಂಗ್ ಅಂದ್ರೆ ದುಡ್ಡು ಹೋಯ್ತು ಅಂತಲ್ಲ

"ಸೋಮವಾರ ರಾತ್ರಿ ಕಲಬುರಗಿ ಗಂಜ್‌ನ ಅಂಗಡಿಯವರ ಖಾತೆಗೆ 8,000 ಐಎಂಪಿಎಸ್ ಮಾಡಿದೆ. ನನ್ನ ಖಾತೆಯಿಂದ ಕಟ್ ಆಗಿದೆ, ಪೆಂಡಿಂಗ್ ಅಂತ ತೋರಿಸುತ್ತಿದೆ. ಮತ್ತೆ ಕಳಿಸಲಾ?"

ಬೇಡ ಅಣ್ಣಾ, ಈಗಲೇ ಮತ್ತೆ ಕಳಿಸಬೇಡಿ. ಪೆಂಡಿಂಗ್ ಅಂದ್ರೆ ಆ ಕಡೆಯ ಬ್ಯಾಂಕಿನಿಂದ ಪಕ್ಕಾ ಉತ್ತರ ಇನ್ನೂ ಬಂದಿಲ್ಲ, ಹಾಗಾಗಿ ದುಡ್ಡು ಅವರಿಗೆ ಜಮಾ ಆಗಲೂಬಹುದು, ನಿಮಗೆ ವಾಪಸ್ ಬರಲೂಬಹುದು. ಈ ಹೊತ್ತಲ್ಲಿ ಇನ್ನೊಂದು ಸಲ ಕಳಿಸಿದರೆ ಎರಡೂ ಹೋಗಿ ಕೂರಬಹುದು, ಆಮೇಲೆ ಅಂಗಡಿಯವರ ಹತ್ತಿರ ಕೇಳಿ ವಾಪಸ್ ಪಡೆಯಬೇಕಾಗುತ್ತದೆ.

ಫೇಲ್ ಅಂತ ಬಂದರೆ ಅವರಿಗೆ ಜಮಾ ಆಗಲಿಲ್ಲ ಅಂತ ಅರ್ಥ. ಆದರೆ ನಿಮ್ಮಲ್ಲಿ ಕಟ್ ಆದ ದುಡ್ಡು ಆಗಲೇ ವಾಪಸ್ ಬಂದಿರುತ್ತದೆ ಅಂತಲ್ಲ. ರಿವರ್ಸ್ ಆದಾಗ ಸ್ಟೇಟ್‌ಮೆಂಟಿನಲ್ಲಿ ಅದೇ 8,000 ಬೇರೆ ಸಾಲಿನಲ್ಲಿ ಜಮಾ ಕಾಣುತ್ತದೆ. ಆ್ಯಪ್ ಏನೇ ಹೇಳಲಿ, ಆ ಸಾಲನ್ನೇ ನಂಬಿ.

ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲೇ ಬರುತ್ತದೆ. ರಿಸರ್ವ್ ಬ್ಯಾಂಕಿನ 2019ರ ನಿಯಮದ ಪ್ರಕಾರ ಕಳಿಸಿದ ಮರುದಿನದೊಳಗೆ ತಾನಾಗಿ ವಾಪಸ್ ಆಗಲೇಬೇಕು. ನಿಮ್ಮ ಲೆಕ್ಕದಲ್ಲಿ ಮಂಗಳವಾರ ಮುಗಿಯುವುದರೊಳಗೆ. ಬುಧವಾರದಿಂದ ತಡವಾದ ಪ್ರತಿ ದಿನಕ್ಕೂ 100 ರೂಪಾಯಿ ಪರಿಹಾರ ನಿಮ್ಮ ಹಕ್ಕು, ನೀವು ಕೇಳದಿದ್ದರೂ ಬ್ಯಾಂಕ್ ಕೊಡಬೇಕು. ಯುಪಿಐನಲ್ಲಿ ಒಬ್ಬರಿಂದ ಒಬ್ಬರಿಗೆ ಕಳಿಸಿದರೂ ಇದೇ ಗಡುವು, ಅಂಗಡಿ ಸ್ಕ್ಯಾನರ್‌ಗೆ ಕೊಟ್ಟಿದ್ದರೆ ಮಾತ್ರ 5 ದಿನ.

ಬುಧವಾರವೂ ಬರದಿದ್ದರೆ ಆ ವಹಿವಾಟಿನ 12 ಅಂಕಿಯ ರೆಫರೆನ್ಸ್ ನಂಬರ್ ಹಿಡಿದು ನಿಮ್ಮ ಬ್ಯಾಂಕಿನಲ್ಲೇ ದೂರು ಕೊಡಿ, ದೂರಿನ ನಂಬರ್ ಬರೆಸಿಕೊಳ್ಳಿ. ಅಂಗಡಿಯವರಿಗೂ ಒಂದು ಮಾತು ಹೇಳಿ, ಬರೀ ಮೆಸೇಜ್ ನಂಬದೆ ಪಾಸ್‌ಬುಕ್ ನೋಡಲಿ.