ಹೊಸ ಹೋಲ್‌ಸೇಲ್‌ನವರು ಕುಚ್ಚಲಕ್ಕಿ ಕಿಲೋಗೆ 2 ರೂಪಾಯಿ ಕಡಿಮೆ ಕೊಡ್ತಾರೆ, ಜಾಸ್ತಿ ತೆಗೆದರೆ ಇನ್ನೂ ಡಿಸ್ಕೌಂಟ್ ಅಂತಾರೆ. ಹಳಬರನ್ನು ಬಿಡಬಹುದಾ?

ಇದೇ ಆಸೆಗೆ ನಾನೂ ಬಿದ್ದವನು. ಬದಿಯಡ್ಕದ ಹತ್ತಿರ ನನ್ನದು ದಿನಸಿ ಅಂಗಡಿ. ಹಳಬರು 50 ಕಿಲೋ ಚೀಲವನ್ನು 2,100ಕ್ಕೆ ಬಾಗಿಲಿಗೇ ತಂದು ಹಾಕುತ್ತಿದ್ದರು, ಮೂರು ವಾರ ಸಾಲ. ಮಂಗಳೂರು ಕಡೆಯ ಹೊಸಬರು 2,000 ಅಂದರು. 40 ಚೀಲ ಒಟ್ಟಿಗೆ ತೆಗೆದರೆ 1,950, ಆದರೆ ದುಡ್ಡು ಮೊದಲು. ಚೀಲಕ್ಕೆ 150 ಉಳಿತಾಯ, ಒಟ್ಟು 6,000! ಬಾಡಿಗೆ, ಇಳಿಸುವ ಕೂಲಿ ಸೇರಿ 1,400 ಹೋದರೂ 4,600 ಉಳಿಯುತ್ತದೆ ಅಂತ ಮೇ ಕೊನೆಯಲ್ಲಿ ತರಿಸಿದೆ.

ಸ್ಯಾಂಪಲ್ ನೋಡಿರಲಿಲ್ಲ ಅಂತಲ್ಲ. ಮನೆಯಲ್ಲಿ ಗಂಜಿ ಮಾಡಿಸಿಯೇ ನೋಡಿದ್ದೆ, ಚೆನ್ನಾಗಿತ್ತು. ನಾನು ಕೇಳಿಕೊಳ್ಳದೆ ಇದ್ದದ್ದು ಒಂದೇ: 40 ಚೀಲ ಖಾಲಿಯಾಗಲು ಎಷ್ಟು ದಿನ ಬೇಕು? ವಾರಕ್ಕೆ ನಾನು ಮಾರುವುದು ಏಳು ಚೀಲ. ಅಂದರೆ ಸುಮಾರು ಆರು ವಾರ, ಅದೂ ನಮ್ಮ ಜೂನ್ ಮಳೆಯಲ್ಲಿ. ಅಕ್ಕಿಹುಳ ಮೊಟ್ಟೆ ಇಡುವುದು ಕಾಳಿನ ಒಳಗೆ. ಸ್ಯಾಂಪಲ್ಲಿನಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ಬೆಚ್ಚಗೆ, ತೇವವಾಗಿದ್ದರೆ ಸುಮಾರು ಒಂದು ತಿಂಗಳಲ್ಲಿ ಹುಳವಾಗಿ ಹೊರಗೆ ಬರುತ್ತದೆ. ಹದಿನೈದು ದಿನಕ್ಕೆ ಮಾರಿ ಮುಗಿಸುವವನಿಗೆ ಅದು ಗೊತ್ತೇ ಆಗುವುದಿಲ್ಲ. ನನಗೆ ಗೊತ್ತಾಯಿತು. ಅದರ ಮೇಲೆ ಹಲಗೆ ಹಾಕದೆ ನೆಲಕ್ಕೇ, ಗೋಡೆಗೆ ಒತ್ತಿ ಪೇರಿಸಿಟ್ಟಿದ್ದೆ. ಜಾಗ ಇದ್ದರೆ ತಾನೇ!

ಜೂನ್ ಕೊನೆಗೆ 12 ಚೀಲ ಉಳಿದಿತ್ತು. ಗಿರಾಕಿಯೊಬ್ಬರು ಅಂಗೈಯಲ್ಲಿ ಅಕ್ಕಿ ಹಿಡಿದು ತೋರಿಸಿ, "ಇದು ಬೇಡ ಮಾರಾಯ್ರೇ" ಅಂದು ಎದುರಿನ ಅಂಗಡಿಗೆ ಹೋದರು. ಹೊಸಬರಿಗೆ ಫೋನ್ ಮಾಡಿದೆ. "ಮಾರಿದ ಮಾಲು ವಾಪಸ್ ಇಲ್ಲ, ಬಿಲ್ಲಲ್ಲೇ ಇದೆ ಅಲ್ವಾ" ಅಂದರು. ಇತ್ತು, ಕೆಳಗೆ ಸಣ್ಣಕ್ಷರದಲ್ಲಿ. ಹಳಬರಾಗಿದ್ದರೆ ಮುಂದಿನ ಗಾಡಿಯಲ್ಲಿ ಬದಲಿಸಿಕೊಡುತ್ತಿದ್ದರು. ಅಸಲಿಗಿಂತ ಚೀಲಕ್ಕೆ 500 ಕಡಿಮೆಗೆ ಆ 12 ಚೀಲ ಮಾರಿ ಮುಗಿಸಿದೆ. 6,000 ನಷ್ಟ, ಬಂದ 4,600 ಕಳೆದರೆ 1,400 ಕೈಯಿಂದ. 78,000 ಮೊದಲೇ ಕೊಟ್ಟಿದ್ದರಿಂದ ಆ ತಿಂಗಳು ಸಕ್ಕರೆ ತರಲೂ ಸಾಲ ಮಾಡಬೇಕಾಯಿತು.

ಹಾಗಾಗಿ "ಬಿಡಬಹುದಾ" ಅನ್ನುವ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ಯಾಕೆ ಬಿಡಬೇಕು? ಹೊಸಬರಿಂದ ಐದೈದು ಚೀಲ ಮೂರು ಸಲ ತರಿಸಿ, ಅದರಲ್ಲಿ ಒಂದು ಸಲ ಓಣಂ ಹಿಂದಿನ ವಾರ ಇರಲಿ. ಆಗ ಮಾಲು ಎಲ್ಲರಿಗೂ ಬೇಕು, ಹೇಳಿದ ದಿನಕ್ಕೆ ಕೊಡುತ್ತಾರೋ ಇಲ್ಲವೋ ಗೊತ್ತಾಗುತ್ತದೆ. ಪ್ರತಿ ಸಲವೂ ಎರಡು ಚೀಲ ತೂಗಿ. ಡಿಸ್ಕೌಂಟ್ ಎಷ್ಟೇ ಇರಲಿ, ಮಳೆಗಾಲದಲ್ಲಿ ಎರಡು ವಾರದ ಮಾರಾಟಕ್ಕಿಂತ ಜಾಸ್ತಿ ಅಕ್ಕಿ ಬೇಡ.

ಇನ್ನೊಂದು. ವಾಟ್ಸ್ಯಾಪಿನಲ್ಲಿ ಬಂದ ರೇಟು ತೋರಿಸಿದರೆ ಹಳಬರು ನಗುತ್ತಾರೆ. ನಾನು ಹೊಸಬರ ಬಿಲ್ಲನ್ನೇ ಅವರ ಮೇಜಿನ ಮೇಲಿಟ್ಟೆ. ಚೀಲಕ್ಕೆ 40 ಇಳಿಸಿದರು, ಸಾಲದ ದಿನ ಹಾಗೆಯೇ ಇದೆ.