ಎ/ಬಿ ಪರೀಕ್ಷೆಯಲ್ಲಿ ಅವಸರದ ಗೆಲುವು

ಸಂದರ್ಶಕರನ್ನು ಎರಡು ಗುಂಪುಗಳಾಗಿಸಿ ಹಳೆಯ ಮತ್ತು ಹೊಸ ಪುಟಗಳನ್ನು ಹೋಲಿಸುವ ಎ/ಬಿ ಟೆಸ್ಟ್ ಅನ್ನು ಎರಡು ವಾರಕ್ಕೆಂದು ಆರಂಭಿಸಿದ್ದೇವೆ; ನಾಲ್ಕನೇ ದಿನವೇ ಹೊಸ ಪುಟ ಗೆದ್ದಿದೆ ಎಂದು ತೋರಿಸುತ್ತಿದೆ. ಈಗಲೇ ನಿಲ್ಲಿಸಿದರೆ ತಪ್ಪೇನು?

ವ್ಯತ್ಯಾಸವೇ ಇಲ್ಲದಿದ್ದರೂ ಇದೆ ಎಂದು ತೀರ್ಮಾನಿಸುವ ತಪ್ಪಿಗೆ ನೀವು ಒಪ್ಪಿಕೊಂಡಿರುವ ಶೇ 5ರ ಸಾಧ್ಯತೆಯು, ಮೊದಲೇ ಗೊತ್ತುಪಡಿಸಿದ ಸಂದರ್ಶಕರ ಸಂಖ್ಯೆಯನ್ನು ತಲುಪಿದ ನಂತರ ಒಮ್ಮೆ ಮಾತ್ರ ಫಲಿತಾಂಶ ನೋಡುವುದಕ್ಕೆ ಅನ್ವಯಿಸುತ್ತದೆ; ಪದೇ ಪದೇ ನೋಡಿ, ಗೆದ್ದಂತೆ ಕಂಡ ಕ್ಷಣ ನಿಲ್ಲಿಸಿದರೆ ಅದು ಹಲವು ಪಟ್ಟು ಏರುತ್ತದೆ.

ಎರಡೂ ಪುಟಗಳು ಒಂದೇ ಎಂದುಕೊಳ್ಳಿ. ಆಗಲೂ ಅವುಗಳ ನಡುವಿನ ಅಂತರವು ಕೇವಲ ಆಕಸ್ಮಿಕವಾಗಿ ಮೇಲೆ ಕೆಳಗೆ ಅಲೆಯುತ್ತಿರುತ್ತದೆ. ಪರೀಕ್ಷೆಯನ್ನು ಕೊನೆಯವರೆಗೂ ನಡೆಸಿದರೆ ನಡುವಿನ ಏರಿಕೆಗಳು ಬಹುಪಾಲು ತಾವಾಗಿಯೇ ಇಳಿಯುತ್ತವೆ, ಆದರೆ ಅಂತರವು ಗೆಲುವೆಂದು ಒಪ್ಪುವ ಗೆರೆಯನ್ನು ದಾಟಿದಾಗಲೇ ನಿಲ್ಲಿಸುವವನು ಅವುಗಳಿಗೆ ಇಳಿಯುವ ಅವಕಾಶವನ್ನೇ ಕೊಡುವುದಿಲ್ಲ. ಸಮಾನ ಅಂತರದಲ್ಲಿ ಹತ್ತು ಬಾರಿ ಹೀಗೆ ನೋಡಿದರೆ ಹುಸಿ ಗೆಲುವಿನ ಸಾಧ್ಯತೆ ಸುಮಾರು ಶೇ 19ಕ್ಕೆ ತಲುಪುತ್ತದೆ.

ಒಂದು ಲೆಕ್ಕ ನೋಡೋಣ. ಖರೀದಿಸುವವರ ಪ್ರಮಾಣ ಶೇ 5ರಿಂದ 6ಕ್ಕೆ ಏರಿದ್ದರೆ ಅದನ್ನು ಶೇ 80ರಷ್ಟು ಖಚಿತವಾಗಿ ಗುರುತಿಸಲು ಪ್ರತಿ ಪುಟಕ್ಕೂ ಸುಮಾರು 8,200 ಸಂದರ್ಶಕರು ಬೇಕು. ದಿನಕ್ಕೆ ಒಟ್ಟು 1,200 ಜನ ಬರುವ ಜಾಲತಾಣಕ್ಕೆ ಇದು 14 ದಿನಗಳ ಕೆಲಸ. ನಾಲ್ಕನೇ ದಿನ ಪ್ರತಿ ಪುಟವನ್ನು ನೋಡಿರುವವರು 2,400 ಮಂದಿ ಮಾತ್ರ. ಅಲ್ಲಿ 120 ಖರೀದಿಗಳ ಎದುರು 152 ಬಂದರೆ, ಅಂದರೆ ಕೇವಲ 32ರ ವ್ಯತ್ಯಾಸಕ್ಕೇ, ಗೆರೆ ದಾಟಿಬಿಡುತ್ತದೆ.

ನಡುವೆ ನೋಡಲೇಬೇಕಾದರೆ, ಎಷ್ಟು ಬಾರಿ ನೋಡುತ್ತೀರಿ ಎಂಬುದನ್ನು ಮೊದಲೇ ನಿಗದಿಪಡಿಸಿ ತಪ್ಪಿನ ಸಾಧ್ಯತೆಯ ಮಿತಿಯನ್ನು ಬಿಗಿಗೊಳಿಸಬೇಕು: ಐದು ಬಾರಿಯಾದರೆ ಪ್ರತಿ ಸಲವೂ ಶೇ 5ರ ಬದಲು ಸುಮಾರು ಶೇ 1.6.